ಬ್ಯಾಕ್‌ಪ್ರೊಪಗೇಶನ್ ಅಂದರೇನು? ನಾಲ್ಕು ವೆಯ್ಟ್‌ಗಳ ಒಂದು ಲೆಕ್ಕ

ನ್ಯೂರಲ್ ನೆಟ್‌ವರ್ಕ್ ಬಗ್ಗೆ ಓದಲು ಶುರು ಮಾಡಿದವರು ಸಾಮಾನ್ಯವಾಗಿ ಎಡವುವುದು ಈ ಪದದ ಹತ್ತಿರ. 'ತಪ್ಪನ್ನು ಹಿಂದಕ್ಕೆ ಕಳಿಸುವುದು' ಎಂಬ ವಿವರಣೆ ಎಲ್ಲೆಲ್ಲೂ ಸಿಗುತ್ತದೆ. ಅದನ್ನು ಕೇಳಿದರೆ ತಪ್ಪು ಅನ್ನುವುದು ತಂತಿಯೊಳಗೆ ಕರೆಂಟಿನ ಹಾಗೆ ವಾಪಸ್ ಹರಿಯುತ್ತದೆ ಅನಿಸುತ್ತದೆ. ಹಾಗೇನೂ ಇಲ್ಲ. ಅಲ್ಲಿ ನಡೆಯುವುದು ಗುಣಾಕಾರ, ಆಗಾಗ ಒಂದಿಷ್ಟು ಕೂಡಿಕೆ. ಅದನ್ನು ಕೊನೆಯಿಂದ ಶುರು ಮಾಡುತ್ತಾರೆ, ಅದಕ್ಕೇ 'ಬ್ಯಾಕ್'.

ಸರಿಯಾಗಿ ಹೇಳುವುದಾದರೆ ಹೀಗೆ. ನೆಟ್‌ವರ್ಕ್‌ನಲ್ಲಿರುವ ಒಂದೊಂದು ವೆಯ್ಟನ್ನೂ ಚೂರೇ ಚೂರು ಅಲುಗಿಸಿದರೆ ಕೊನೆಯ ತಪ್ಪು ಎಷ್ಟು ಅಲುಗುತ್ತದೆ? ಈ ಸಂಖ್ಯೆಗಳನ್ನು ಗ್ರೇಡಿಯೆಂಟ್ ಅನ್ನುತ್ತಾರೆ. ಅವನ್ನೆಲ್ಲ ಒಂದೇ ಸಲಕ್ಕೆ ಲೆಕ್ಕ ಹಾಕುವ ವಿಧಾನವೇ ಬ್ಯಾಕ್‌ಪ್ರೊಪಗೇಶನ್. ಆಮೇಲೆ ವೆಯ್ಟ್‌ಗಳನ್ನು ತಿದ್ದುವುದು ಬೇರೆ ಕೆಲಸ, ಅದರ ಹೆಸರು ಗ್ರೇಡಿಯೆಂಟ್ ಡಿಸೆಂಟ್. ಎರಡನ್ನೂ ಒಂದೇ ಎಂದು ಕಲಸಿಕೊಳ್ಳುವವರು ಜಾಸ್ತಿ.

ಇದರ ಹಿಂದಿರುವುದು ಪಿಯುಸಿಯಲ್ಲಿ ಕಲಿತ ಚೈನ್ ರೂಲ್ ಅಷ್ಟೇ. ಅದನ್ನು ನೆನಪಿಸಿಕೊಳ್ಳಲು ಸೈಕಲ್ ಸಾಕು. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 22 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ 2 ಸುತ್ತು ತಿರುಗುತ್ತದೆ. ಗಾಲಿಯ ಒಂದು ಸುತ್ತಿಗೆ ಸೈಕಲ್ 2.2 ಮೀಟರ್ ಹೋಗುತ್ತದೆ ಎಂದುಕೊಳ್ಳಿ. ಹಾಗಾದರೆ ಪೆಡಲ್‌ನ ಒಂದು ಸುತ್ತಿಗೆ 2 × 2.2, ಅಂದರೆ 4.4 ಮೀಟರ್. ನಡುವೆ ಎಷ್ಟು ಕೊಂಡಿ ಇದ್ದರೂ ಒಂದೊಂದರ ದರವನ್ನು ಗುಣಿಸುತ್ತಾ ಹೋದರಾಯಿತು. ಹೆಸರೂ ಚೈನ್, ಉದಾಹರಣೆಯಲ್ಲೂ ಚೈನ್!

ಈಗ ನೆಟ್‌ವರ್ಕ್‌ಗೆ ಬರೋಣ. ಪೆನ್ನು ಪೇಪರಿನಲ್ಲಿ ಮುಗಿಸಬಹುದಾದಷ್ಟು ಚಿಕ್ಕದು. ಒಂದೇ ಇನ್‌ಪುಟ್ x. ಅದು ಎರಡು ಹಿಡನ್ ನ್ಯೂರಾನ್‌ಗಳಿಗೆ ಹೋಗುತ್ತದೆ. ಆ ಎರಡೂ ಸೇರಿ ಒಂದು ಔಟ್‌ಪುಟ್ y ಕೊಡುತ್ತವೆ. ಇನ್‌ಪುಟನ್ನು ಲೇಯರ್ ಎಂದು ಎಣಿಸುವುದಿಲ್ಲ, ಹಾಗಾಗಿ ಇದು ಎರಡು ಲೇಯರಿನ ನೆಟ್‌ವರ್ಕ್. ಬಯಾಸ್ ಬಿಟ್ಟಿದ್ದೇನೆ, ಸುಮ್ನೆ ಅಂಕಿ ಜಾಸ್ತಿಯಾಗುವುದು ಬೇಡ ಅಂತ.

```
z1 = w1*x      h1 = s(z1)
z2 = w2*x      h2 = s(z2)
y  = v1*h1 + v2*h2
L  = (y - t)^2 / 2
```

ಇಲ್ಲಿ w1, w2, v1, v2 ನಮ್ಮ ನಾಲ್ಕು ವೆಯ್ಟ್‌ಗಳು. s ಅಂದರೆ ಸಿಗ್ಮಾಯ್ಡ್, 1/(1+e^-z). t ಅಂದರೆ ನಮಗೆ ಬೇಕಿದ್ದ ಉತ್ತರ. L ಅಂದರೆ ಲಾಸ್, ತಪ್ಪಿನ ಅಳತೆ. 2ರಿಂದ ಭಾಗಿಸಿರುವುದು ಡೆರಿವೇಟಿವ್ ತೆಗೆಯುವಾಗ ಮೇಲಿನ 2 ಹೊಡೆದುಹೋಗಲಿ ಎಂದು, ಬೇರೆ ಗುಟ್ಟೇನೂ ಇಲ್ಲ.

ಬೆಲೆಗಳು: x = 2, t = 0.5, w1 = 0.5, w2 = −1, v1 = 1, v2 = 2.

ಮೊದಲು ಮುಂದಕ್ಕೆ ಹೋಗೋಣ. z1 = 1, ಆದ್ದರಿಂದ h1 = 0.7311. z2 = −2, ಆದ್ದರಿಂದ h2 = 0.1192. ಇವನ್ನು ಕೂಡಿಸಿದರೆ y = 0.7311 + 0.2384 = 0.9695. ಬೇಕಿದ್ದದ್ದು 0.5. ಹೆಚ್ಚಾಗಿರುವುದು 0.4695, ಲಾಸ್ 0.1102. ದಾರಿಯಲ್ಲಿ ಸಿಕ್ಕ h1, h2 ಎರಡನ್ನೂ ಅಳಿಸಬೇಡಿ, ವಾಪಸ್ ಬರುವಾಗ ಬೇಕಾಗುತ್ತವೆ. ನೆಟ್‌ವರ್ಕನ್ನು ಬಳಸುವುದಕ್ಕಿಂತ ಅದಕ್ಕೆ ಕಲಿಸುವಾಗ ಮೆಮೊರಿ ಜಾಸ್ತಿ ತಿನ್ನುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಹೋದ ದಾರಿಯ ಬೆಲೆಗಳನ್ನೆಲ್ಲ ಹಿಡಿದಿಟ್ಟುಕೊಳ್ಳಬೇಕು.

ಇನ್ನು ಹಿಂದಕ್ಕೆ. ಮೊದಲ ಕೊಂಡಿ: y ಅಲುಗಿದರೆ L ಎಷ್ಟು ಅಲುಗುತ್ತದೆ? ಉತ್ತರ y − t, ಅಂದರೆ 0.4695. ಇದನ್ನು e ಅನ್ನೋಣ, ಸಿಗ್ಮಾಯ್ಡ್ ಸೂತ್ರದೊಳಗಿನ e ಬೇರೆ. ಮುಂದಿನ ಎಲ್ಲಾ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

v1 ಅಲುಗಿದರೆ y ಎಷ್ಟು ಅಲುಗುತ್ತದೆ? y ಒಳಗೆ v1*h1 ಇದೆ, ಆದ್ದರಿಂದ h1 ಪಟ್ಟು. ಎರಡನ್ನೂ ಗುಣಿಸಿದರೆ v1ರ ಗ್ರೇಡಿಯೆಂಟ್ 0.4695 × 0.7311 = 0.3432. ಅದೇ ರೀತಿ v2ಕ್ಕೆ 0.4695 × 0.1192 = 0.0560. ಹೊರಗಿನ ಲೇಯರ್ ಮುಗಿಯಿತು.

w1 ಇನ್ನೂ ಒಳಗಿದೆ. ಅದು ಅಲುಗಿದರೆ z1, ಅದರಿಂದ h1, ಅದರಿಂದ y, ಕೊನೆಗೆ L. ನಾಲ್ಕು ಕೊಂಡಿ. ಕೊನೆಯಿಂದ ಹಿಡಿದರೆ ಮೊದಲನೆಯದು e, ಅದು ಆಗಲೇ ಕೈಯಲ್ಲಿದೆ. ಎರಡನೆಯದು h1ರಿಂದ yಗೆ ಹೋಗುವ ದರ, ಅದು v1, ಅಂದರೆ 1. ಮೂರನೆಯದು ಸಿಗ್ಮಾಯ್ಡ್‌ನ ಡೆರಿವೇಟಿವ್. ಅದಕ್ಕೊಂದು ಅನುಕೂಲವಿದೆ: h1 × (1 − h1) ಎಂದು ನೇರ ಬರೆಯಬಹುದು, ಘಾತವನ್ನು ಮತ್ತೆ ಲೆಕ್ಕ ಹಾಕುವುದೇ ಬೇಡ. h1 ಉಳಿಸಿಟ್ಟಿದ್ದು ಈಗ ಕೆಲಸಕ್ಕೆ ಬಂತು. 0.7311 × 0.2689 = 0.1966. ನಾಲ್ಕನೆಯದು w1ರಿಂದ z1ಗೆ ಹೋಗುವ ದರ, ಅದು x, ಅಂದರೆ 2. ಎಲ್ಲಾ ಗುಣಿಸಿ:

```
dL/dw1 = 0.4695 * 1 * 0.1966 * 2 = 0.1846
dL/dw2 = 0.4695 * 2 * 0.1050 * 2 = 0.1972
```

ಈ ನಾಲ್ಕು ಸಂಖ್ಯೆಗಳೇ ಬ್ಯಾಕ್‌ಪ್ರೊಪಗೇಶನ್ನಿನ ಫಲಿತಾಂಶ. ನಾಲ್ಕೂ ಧನ ಸಂಖ್ಯೆಗಳು, ಅಂದರೆ ಯಾವ ವೆಯ್ಟ್ ಹೆಚ್ಚಿಸಿದರೂ ತಪ್ಪು ಹೆಚ್ಚುತ್ತದೆ. ಹಾಗಾಗಿ ಎಲ್ಲವನ್ನೂ ಕಡಿಮೆ ಮಾಡಬೇಕು. ಒಂದೊಂದರಿಂದಲೂ ಅದರದೇ ಗ್ರೇಡಿಯೆಂಟ್‌ನ ಹತ್ತನೇ ಒಂದು ಪಾಲು ಕಳೆದು ಮತ್ತೆ ಮುಂದಕ್ಕೆ ಹೋದರೆ y 0.9285ಕ್ಕೆ ಇಳಿಯುತ್ತದೆ, ಲಾಸ್ 0.1102ರಿಂದ 0.0918ಕ್ಕೆ ಬರುತ್ತದೆ.

ಇಲ್ಲಿವರೆಗೆ ಗುಣಾಕಾರ ಮಾತ್ರ ಬಂತು, ಕೂಡಿಕೆ ಎಲ್ಲಿ? ದಾರಿ ಕವಲೊಡೆದ ಕಡೆ. xನ ಕೆಳಗೆ ಇನ್ನೊಂದು ಲೇಯರ್ ಇದೆ ಎಂದುಕೊಳ್ಳಿ. ಆಗ x ಅಲುಗಿದರೆ L ಎಷ್ಟು ಅಲುಗುತ್ತದೆ ಎಂದೂ ಬೇಕಾಗುತ್ತದೆ. xನಿಂದ Lಗೆ ಎರಡು ದಾರಿ, ಒಂದು h1 ಮೂಲಕ, ಇನ್ನೊಂದು h2 ಮೂಲಕ. ಒಂದೊಂದು ದಾರಿಯ ಗುಣಲಬ್ಧ ಬೇರೆ ಬೇರೆ ತೆಗೆದು ಕೂಡಿಸಬೇಕು. z1 ತನಕ ಬಂದ ಮೊತ್ತ 0.0923, ಅದಕ್ಕೆ w1 ಗುಣಿಸಿದರೆ 0.0462. z2 ತನಕ ಬಂದದ್ದು 0.0986, ಅದಕ್ಕೆ −1 ಗುಣಿಸಿದರೆ −0.0986. ಕೂಡಿದರೆ −0.0524. ಎರಡು ದಾರಿಗಳು ಎದುರುಬದುರು ಎಳೆಯುತ್ತಿವೆ ನೋಡಿ. h2 ದಾರಿಯನ್ನು ಮರೆತರೆ ಉತ್ತರದ ಚಿಹ್ನೆಯೇ ತಿರುಗಿಹೋಗುತ್ತದೆ.

ಇಷ್ಟಕ್ಕೂ ಹಿಂದಿನಿಂದಲೇ ಯಾಕೆ ಶುರು ಮಾಡಬೇಕು? ಗುಣಾಕಾರ ಯಾವ ಕಡೆಯಿಂದ ಮಾಡಿದರೂ ಒಂದೇ ಅಲ್ವಾ? ಉತ್ತರ ಒಂದೇ, ಶ್ರಮ ಬೇರೆ. ವೆಯ್ಟ್ ಕಡೆಯಿಂದ ಹೊರಟರೆ ಒಂದೊಂದು ವೆಯ್ಟಿಗೂ ಕೊನೆಯ ತನಕ ಒಂದೊಂದು ಪ್ರಯಾಣ ಮಾಡಬೇಕು. ಹತ್ತು ಲಕ್ಷ ವೆಯ್ಟ್ ಇದ್ದರೆ ಹತ್ತು ಲಕ್ಷ ಪ್ರಯಾಣ. ಆದರೆ ಇನ್ನೊಂದು ತುದಿಯಲ್ಲಿ ಇರುವುದು L ಎಂಬ ಒಂದೇ ಒಂದು ಸಂಖ್ಯೆ. ಅಲ್ಲಿಂದ ಹೊರಟರೆ ಎಲ್ಲರಿಗೂ ಬೇಕಾದ ಭಾಗ ಒಂದೇ ಸಲ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ eಯನ್ನು ಒಮ್ಮೆ ತೆಗೆದು ನಾಲ್ಕು ಕಡೆ ಬಳಸಿದೆವು. ದೊಡ್ಡ ನೆಟ್‌ವರ್ಕ್‌ನಲ್ಲೂ ಹಿಂದಿರುಗುವ ಪ್ರಯಾಣದ ಖರ್ಚು ಮುಂದೆ ಹೋದ ಖರ್ಚಿನ ಎರಡು ಪಟ್ಟಿನ ಆಸುಪಾಸಿನಲ್ಲೇ ಇರುತ್ತದೆ.

ಈ ಯೋಚನೆಗೆ ಒಬ್ಬರೇ ಅಪ್ಪ ಇಲ್ಲ. ಫಿನ್ಲೆಂಡಿನ ಸೆಪ್ಪೊ ಲಿನ್ನೈನ್ಮಾ 1970ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಇದನ್ನು ಬರೆದರು. ಅವರಿಗೆ ಬೇಕಿದ್ದದ್ದು ನ್ಯೂರಾನ್ ಅಲ್ಲ, ಕಂಪ್ಯೂಟರ್ ಲೆಕ್ಕದಲ್ಲಿ ಸೇರಿಕೊಳ್ಳುವ ರೌಂಡಿಂಗ್ ತಪ್ಪುಗಳ ಅಂದಾಜು. ಅಮೆರಿಕದ ಪಾಲ್ ವರ್ಬೋಸ್ 1974ರ ಪಿಎಚ್‌ಡಿ ಪ್ರಬಂಧದಲ್ಲಿ ಇದೇ ವಿಧಾನಕ್ಕೆ ಬಂದರು. ಎಲ್ಲರ ಗಮನ ಸೆಳೆದದ್ದು 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ನೇಚರ್ ಪತ್ರಿಕೆಯಲ್ಲಿ ಬರೆದ ಲೇಖನ.

ಗುಣಾಕಾರದ ಸರಪಳಿಗೆ ಒಂದು ದೌರ್ಬಲ್ಯವಿದೆ. ಒಂದು ಕೊಂಡಿ ಸೊನ್ನೆಯ ಹತ್ತಿರ ಬಂದರೆ ಇಡೀ ಸರಪಳಿ ಸತ್ತಂತೆ. ಸಿಗ್ಮಾಯ್ಡ್‌ನ ಡೆರಿವೇಟಿವ್ ಯಾವಾಗಲೂ 0.25 ದಾಟುವುದಿಲ್ಲ, ಅದೂ z = 0 ಇದ್ದಾಗ ಮಾತ್ರ ಅಷ್ಟು. w1 = 5 ಇಟ್ಟಿದ್ದರೆ z1 = 10 ಆಗುತ್ತಿತ್ತು, ಆ ಕೊಂಡಿಯ ಬೆಲೆ 0.000045ಕ್ಕೆ ಇಳಿಯುತ್ತಿತ್ತು. ತಪ್ಪು ಎಷ್ಟೇ ದೊಡ್ಡದಿರಲಿ, w1 ಕದಲುವುದೇ ಇಲ್ಲ. ಹತ್ತು ಸಿಗ್ಮಾಯ್ಡ್ ಲೇಯರ್ ಇದ್ದರೆ ಈ ಕೊಂಡಿಗಳ ಪಾಲು ಚೆನ್ನಾಗಿದ್ದರೂ 0.25ರ ಹತ್ತನೇ ಘಾತ, ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಳಗಿನ ಲೇಯರ್‌ಗಳಲ್ಲಿ ಸಿಗ್ಮಾಯ್ಡ್ ಬದಲು ರೆಲು ಫಂಕ್ಷನ್ ಬಳಕೆಗೆ ಬರಲು ಇದೇ ದೊಡ್ಡ ಕಾರಣ. z ಧನವಾಗಿದ್ದರೆ ಅದರ ಡೆರಿವೇಟಿವ್ ಸರಿಯಾಗಿ 1.

ಇಷ್ಟು ಅರ್ಥವಾದ ಮೇಲೆ ನೀವೇ ಬರೆದು ನೋಡಿ:

```python
from math import exp
s = lambda z: 1 / (1 + exp(-z))
x, t = 2.0, 0.5
w1, w2, v1, v2 = 0.5, -1.0, 1.0, 2.0

h1, h2 = s(w1*x), s(w2*x)
e = v1*h1 + v2*h2 - t
gv1, gv2 = e*h1, e*h2
gw1 = e * v1 * h1*(1-h1) * x
gw2 = e * v2 * h2*(1-h2) * x
print(gv1, gv2, gw1, gw2)
```

ನಾನು ಮೊದಲ ಸಲ ಬರೆದಾಗ ಮಾಡಿದ ತಪ್ಪೊಂದಿದೆ. gv1 ಸಿಕ್ಕ ಕೂಡಲೇ v1 ತಿದ್ದಿಬಿಟ್ಟೆ, ಆಮೇಲೆ gw1 ಲೆಕ್ಕ ಹಾಕಿದೆ. ಆಗ v1 1ರ ಬದಲು 0.9657 ಆಗಿತ್ತು, gw1 0.1846ರ ಬದಲು 0.1783 ಬಂತು. ಮುಂದಕ್ಕೆ ಹೋಗಿದ್ದು ಹಳೆಯ v1 ಜೊತೆ, ವಾಪಸ್ ಬಂದದ್ದು ಹೊಸದರ ಜೊತೆ. ಇದರಲ್ಲಿ ಹೆದರಬೇಕಾದ ವಿಷಯ ಏನೆಂದರೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ಲಾಸ್ ಕೂಡ ಇಳಿಯುತ್ತಲೇ ಇರುತ್ತದೆ. ಗ್ರಾಫ್ ನೋಡಿದರೆ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತದೆ.

ಹಿಡಿಯುವ ಉಪಾಯ ತುಂಬಾ ಸರಳ. w1ಗೆ 0.001 ಸೇರಿಸಿ, ಉಳಿದದ್ದನ್ನು ಮುಟ್ಟದೆ ಲಾಸ್ ಮತ್ತೆ ತೆಗೆಯಿರಿ. 0.1101984 ಇದ್ದದ್ದು 0.1103830 ಆಗುತ್ತದೆ. ವ್ಯತ್ಯಾಸವನ್ನು 0.001ರಿಂದ ಭಾಗಿಸಿದರೆ 0.1846. ನಿಮ್ಮ ಕೋಡ್ 0.1783 ಅಂದರೆ ತಪ್ಪು ಕೋಡಿನಲ್ಲಿದೆ. ಆದರೆ ಈ ಪರೀಕ್ಷೆಯಲ್ಲಿ ದಶಾಂಶಗಳನ್ನು ಮೊಟಕು ಮಾಡಬೇಡಿ. ನಾಲ್ಕೇ ಸ್ಥಾನ ಇಟ್ಟುಕೊಂಡರೆ 0.1102, 0.1104 ಎಂದು ಕಾಣುತ್ತದೆ, ಉತ್ತರ 0.2 ಬರುತ್ತದೆ, ಸರಿ ಇರುವ ಕೋಡನ್ನೂ ಸುಮ್ನೆ ಅನುಮಾನಿಸುತ್ತಾ ಕೂರುತ್ತೀರಿ.