ರೆಸ್ಯೂಮೆ, ಕವರ್ ಲೆಟರ್ ಎರಡೂ ಒಂದೇ ಪಿಡಿಎಫ್‌ನಲ್ಲಿ: ಯಾರ ಫೋನಲ್ಲಿ ತೆರೆದರೂ ಕೆಡದ ಹಾಗೆ ಮಾಡೋದು ಹೇಗೆ?

ಪ್ರಶ್ನೆ: ಬಿ.ಕಾಂ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೇನೆ. ಅಣ್ಣನ ಲ್ಯಾಪ್‌ಟಾಪಿನಲ್ಲಿ ವರ್ಡ್‌ನಲ್ಲಿ ಮಾಡಿದ ರೆಸ್ಯೂಮೆ ಒಂದೇ ಪುಟಕ್ಕೆ ಸರಿಯಾಗಿ ಕೂತಿತ್ತು. ಅದನ್ನೇ ವಾಟ್ಸ್‌ಆಪ್ ಮಾಡಿದೆ. ಇಂಟರ್‌ವ್ಯೂನಲ್ಲಿ ಅವರ ಫೋನ್ ನೋಡಿದರೆ ಎರಡು ಪುಟ ಆಗಿದೆ, ಬಲಗಡೆ ಇದ್ದ ವರ್ಷಗಳೆಲ್ಲ ಅಡ್ಡಾದಿಡ್ಡಿ. ಕವರ್ ಲೆಟರ್ ಬೇರೆ ಫೈಲ್ ಆಗಿತ್ತು, ಅದನ್ನು ಅವರು ತೆರೆದೇ ಇರಲಿಲ್ಲ. ಎರಡನ್ನೂ ಒಂದೇ ಪಿಡಿಎಫ್ ಮಾಡಿದರೆ ಸರಿಹೋಗುತ್ತಾ? ಹೇಗೆ ಮಾಡೋದು?

ಉತ್ತರ: ಸರಿಹೋಗುತ್ತದೆ. ಆದರೆ ಪಿಡಿಎಫ್ ಮಾಡುವುದಕ್ಕಿಂತ ಮುಂಚೆ ವರ್ಡ್ ಫೈಲಿನಲ್ಲೇ ಒಂದೆರಡು ಕಡೆ ರಿಪೇರಿ ಬೇಕು. ಕೆಟ್ಟಿದ್ದು ಯಾಕೆ ಅಂತ ಗೊತ್ತಾದರೆ ಆ ರಿಪೇರಿ ಸುಲಭ.

ವರ್ಡ್ ಫೈಲಿನಲ್ಲಿ ಸಾಮಾನ್ಯವಾಗಿ ಫಾಂಟ್ ಇರುವುದಿಲ್ಲ, ಫಾಂಟಿನ ಹೆಸರು ಮಾತ್ರ ಇರುತ್ತದೆ. "ಈ ಸಾಲು ಕ್ಯಾಲಿಬ್ರಿ, ಸೈಜ್ 11" ಅಂತ ಬರೆದಿಟ್ಟಿರುತ್ತದೆ ಅಷ್ಟೇ. ಅಣ್ಣನ ಲ್ಯಾಪ್‌ಟಾಪಿನಲ್ಲಿ ಕ್ಯಾಲಿಬ್ರಿ ಇತ್ತು. ಆಂಡ್ರಾಯ್ಡ್ ಫೋನಿನ ಜೊತೆ ಅದು ಬರುವುದಿಲ್ಲ. ಹಾಗಾಗಿ ಫೈಲ್ ತೆರೆದ ಆಪ್ ತನ್ನ ಹತ್ತಿರ ಇರುವ ಇನ್ಯಾವುದೋ ಫಾಂಟ್ ಹಾಕುತ್ತದೆ. ಅದರ ಅಕ್ಷರ ಕೂದಲೆಳೆಯಷ್ಟು ಅಗಲ ಇದ್ದರೂ ಸಾಕು, ಸಾಲಿನ ಕೊನೆಯ ಪದ ಕೆಳಗೆ ಬೀಳುತ್ತದೆ. ಹೀಗೆ ನಾಲ್ಕೈದು ಸಾಲು ಜಾರಿದರೆ ಪುಟದ ಬುಡದಲ್ಲಿದ್ದದ್ದು ಎರಡನೇ ಪುಟಕ್ಕೆ ಹೋಗುತ್ತದೆ.

ವರ್ಷಗಳು ಅಡ್ಡಾದಿಡ್ಡಿ ಆಗಿದ್ದಕ್ಕೆ ಕಾರಣ ಬೇರೆ. ನೀವು ಕಾಲೇಜಿನ ಹೆಸರು ಬರೆದು, ಸ್ಪೇಸ್ ಬಾರ್ ಒತ್ತುತ್ತಾ ಒತ್ತುತ್ತಾ ವರ್ಷವನ್ನು ಬಲಗಡೆಗೆ ತಳ್ಳಿದ್ದೀರಿ, ಅಲ್ವಾ? ನನಗೆ ಬರುವ ಹೆಚ್ಚಿನ ರೆಸ್ಯೂಮೆಗಳಲ್ಲಿ ಇದೇ ಕಥೆ. ಫಾಂಟ್ ಬದಲಾದರೆ ಆ ಖಾಲಿ ಜಾಗದ ಅಗಲವೂ ಬದಲಾಗುತ್ತದೆ. ಒಂದು ಸಾಲಿನಲ್ಲಿ 30 ಸ್ಪೇಸ್, ಇನ್ನೊಂದರಲ್ಲಿ 22 ಇದ್ದರೆ ಎರಡೂ ಬೇರೆ ಬೇರೆ ದೂರ ಜಾರುತ್ತವೆ.

ಪಿಡಿಎಫ್‌ನಲ್ಲಿ ಈ ಜಾರಾಟ ಇಲ್ಲ. ಅದರಲ್ಲಿ ಪ್ರತಿ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಅಂತ ಅಳತೆ ಸಮೇತ ಇರುತ್ತದೆ. ಬಳಸಿದ ಅಕ್ಷರಗಳ ಆಕಾರವನ್ನೂ ಫೈಲಿನ ಒಳಗೇ ತುಂಬಿಸಿಡಬಹುದು. ಇದನ್ನು ಫಾಂಟ್ ಎಂಬೆಡ್ ಮಾಡುವುದು ಅನ್ನುತ್ತಾರೆ. ಆಮೇಲೆ ತೆರೆಯುವವರ ಫೋನಿನಲ್ಲಿ ಕ್ಯಾಲಿಬ್ರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ನಿಮ್ಮ ಫೈಲಿಗೆ ಬರೋಣ. ಮೊದಲು ವರ್ಷಗಳು. ಆ ಸ್ಪೇಸ್‌ಗಳನ್ನೆಲ್ಲ ಅಳಿಸಿ, ಅಲ್ಲಿ ಒಂದೇ ಒಂದು ಸಲ ಟ್ಯಾಬ್ ಒತ್ತಿ. ಆಮೇಲೆ ಆ ಸಾಲುಗಳನ್ನೆಲ್ಲ ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ Tabs ಒತ್ತಿ, 15.9 cm ಹಾಕಿ, Right ಆರಿಸಿ. ಈ 15.9 ಎಲ್ಲಿಂದ ಬಂತು ಅಂದರೆ, ಎ4 ಹಾಳೆ 21 ಸೆಂ.ಮೀ. ಅಗಲ. ಎರಡೂ ಕಡೆ ಒಂದೊಂದು ಇಂಚು, ಅಂದರೆ 2.54 ಸೆಂ.ಮೀ. ಮಾರ್ಜಿನ್ ಹೋದರೆ ಬರೆಯಲು ಉಳಿಯುವುದು ಅಷ್ಟೇ. ನಿಮ್ಮ ಮಾರ್ಜಿನ್ ಬೇರೆ ಇದ್ದರೆ ಹೀಗೇ ಕಳೆದು ನೋಡಿ. ವರ್ಷಗಳೆಲ್ಲ ಬಲಗಡೆ ಗೆರೆ ಎಳೆದ ಹಾಗೆ ನಿಲ್ಲುತ್ತವೆ.

ಇನ್ನು ಎರಡನ್ನೂ ಸೇರಿಸುವುದು. ಕವರ್ ಲೆಟರ್ ಇರುವ ಫೈಲ್ ತೆರೆದು, ಪತ್ರದ ಕೊನೆಯಲ್ಲಿ ಕರ್ಸರ್ ಇಟ್ಟು Layout > Breaks > Next Page ಒತ್ತಿ. ಸುಮ್ನೆ ಎಂಟರ್ ಒತ್ತುತ್ತಾ ಮುಂದಿನ ಪುಟಕ್ಕೆ ಹೋಗಬೇಡಿ. ನಾಳೆ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ ರೆಸ್ಯೂಮೆಯ ತಲೆ ಒಂದು ಸಾಲು ಕೆಳಗೆ ಇಳಿಯುತ್ತದೆ. Next Page ಹಾಕಿದರೆ ಎರಡನೇ ಪುಟ ಬೇರೆಯೇ ಒಂದು ಭಾಗವಾಗುತ್ತದೆ. ಪತ್ರಕ್ಕೆ ಒಂದಿಂಚು ಮಾರ್ಜಿನ್, ರೆಸ್ಯೂಮೆಗೆ ಮುಕ್ಕಾಲು ಇಂಚು ಅಂತ ಬೇರೆ ಬೇರೆ ಇಟ್ಟುಕೊಳ್ಳಬಹುದು. ರೆಸ್ಯೂಮೆಯನ್ನು ಅಲ್ಲಿ ಪೇಸ್ಟ್ ಮಾಡುವಾಗ Keep Source Formatting ಆರಿಸಿ, ಇಲ್ಲದಿದ್ದರೆ ಸಾಲುಗಳ ನಡುವಿನ ಅಂತರ ಪತ್ರದ್ದೇ ಬಂದುಬಿಡುತ್ತದೆ. ಹೆಡರ್ ಬಳಸಿದ್ದರೆ ಎರಡನೇ ಪುಟದ ಹೆಡರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ Link to Previous ಆಫ್ ಮಾಡಿ.

ಪತ್ರವೇ ಮೊದಲ ಪುಟ ಇರಲಿ. ಆದರೆ ಅದರ ತಲೆಯಲ್ಲಿ "ಇವರಿಗೆ, ಎಚ್‌ಆರ್ ಮ್ಯಾನೇಜರ್" ಅಂತ ಶುರು ಮಾಡಬೇಡಿ. ರೆಸ್ಯೂಮೆಯ ತಲೆಯಲ್ಲಿ ಇರುವ ಹಾಗೆಯೇ ನಿಮ್ಮ ಹೆಸರು, ಫೋನ್ ನಂಬರ್, ಇಮೇಲ್ ಪತ್ರದ ಮೇಲೂ ಹಾಕಿ. ಎರಡು ಪುಟವೂ ಒಂದೇ ಕೈಯಿಂದ ಬಂದ ಹಾಗೆ ಕಾಣುತ್ತದೆ. ಫೈಲ್ ಓದಿ ಹೆಸರು, ನಂಬರ್ ಎತ್ತಿಕೊಳ್ಳುವ ಸಾಫ್ಟ್‌ವೇರ್‌ಗೂ ಮೊದಲು ಸಿಗುವುದು ನಿಮ್ಮ ಹೆಸರೇ ಆಗುತ್ತದೆ. ಇದನ್ನು ಹೆಡರ್‌ನಲ್ಲಿ ಅಲ್ಲ, ಪುಟದ ಒಳಗೇ ಬರೆಯಿರಿ. ಕೆಲವು ಸಾಫ್ಟ್‌ವೇರ್ ಹೆಡರ್ ಕಡೆ ನೋಡುವುದೇ ಇಲ್ಲ.

ಈಗ ಪಿಡಿಎಫ್. ವರ್ಡ್‌ನಲ್ಲಿ File > Save As ಗೆ ಹೋಗಿ PDF ಆರಿಸಿ. ಗೂಗಲ್ ಡಾಕ್ಸ್ ಆದರೆ File > Download > PDF Document. ಪ್ರಿಂಟ್‌ಗೆ ಹೋಗಿ Microsoft Print to PDF ಆರಿಸುವ ಅಭ್ಯಾಸ ತುಂಬಾ ಜನಕ್ಕಿದೆ. ನೋಡಲು ಅದೂ ಚೆನ್ನಾಗೇ ಇರುತ್ತದೆ, ಆದರೆ ಇಮೇಲ್, ಲಿಂಕ್ಡ್‌ಇನ್ ಲಿಂಕ್‌ಗಳು ಒತ್ತಿದರೆ ತೆರೆಯುವ ಹಾಗೆ ಉಳಿಯುವುದಿಲ್ಲ. ವರ್ಡ್‌ನ Save As ಕಿಟಕಿಯಲ್ಲಿ Options ಒಳಗೆ PDF/A ಅಂತ ಒಂದು ಟಿಕ್ ಇದೆ, ಅದನ್ನು ಹಾಕಿ. ಪಿಡಿಎಫ್/ಎ ಅನ್ನುವುದು ಕಡತಗಳನ್ನು ವರ್ಷಗಟ್ಟಲೆ ಕಾಪಾಡಲು ಮಾಡಿದ ನಿಯಮ. ಬಳಸಿದ ಫಾಂಟ್ ಫೈಲಿನ ಒಳಗೆ ಇರಲೇಬೇಕು ಅಂತ ಅದರಲ್ಲಿದೆ. ನಮಗೆ ಬೇಕಾಗಿರುವುದೂ ಅದೇ ತಾನೇ.

ಎರಡು ಪಿಡಿಎಫ್ ಈಗಾಗಲೇ ಬೇರೆ ಬೇರೆ ಇದ್ದು, ವರ್ಡ್ ಫೈಲ್ ಕಳೆದುಹೋಗಿದ್ದರೆ? ಮ್ಯಾಕ್‌ನಲ್ಲಿ ಪ್ರಿವ್ಯೂ ತೆರೆದು ಒಂದರ ಪುಟವನ್ನು ಇನ್ನೊಂದರ ಪುಟಗಳ ಪಟ್ಟಿಗೆ ಎಳೆದು ಹಾಕಿದರಾಯಿತು. ಲಿನಕ್ಸ್ ಆದರೆ ಒಂದು ಸಾಲು:

```
pdfunite letter.pdf resume.pdf arji.pdf
```

ಇಂಟರ್ನೆಟ್‌ನಲ್ಲಿ ಪಿಡಿಎಫ್ ಸೇರಿಸಿಕೊಡುವ ಸೈಟುಗಳು ಬೇಕಾದಷ್ಟಿವೆ. ಮನೆ ವಿಳಾಸ, ಫೋನ್ ನಂಬರ್ ಇರುವ ಹಾಳೆಯನ್ನು ಗುರುತಿಲ್ಲದ ಸೈಟಿಗೆ ಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ ಪ್ರಯೋಜನ ಇಲ್ಲ. ಅಲ್ಲಿ ಫಾಂಟ್ ಇದ್ದೇ ಇರುತ್ತದೆ. ಅಡೋಬಿ ರೀಡರ್‌ನಲ್ಲಿ ತೆರೆದು Ctrl+D ಒತ್ತಿ, Fonts ಟ್ಯಾಬ್ ನೋಡಿ. ಪ್ರತಿ ಫಾಂಟಿನ ಹೆಸರಿನ ಪಕ್ಕ Embedded ಅಥವಾ Embedded Subset ಅಂತ ಇರಬೇಕು. ಸಬ್‌ಸೆಟ್ ಅಂದರೆ ನೀವು ಬಳಸಿದ ಅಕ್ಷರಗಳಷ್ಟೇ ತುಂಬಿವೆ ಅಂತ, ಅಷ್ಟು ಸಾಕು. ಯಾವುದಾದರೂ ಒಂದರ ಪಕ್ಕ ಏನೂ ಇಲ್ಲದಿದ್ದರೆ ಆ ಫಾಂಟ್ ಒಳಗೆ ಬಂದಿಲ್ಲ. ಆ ಜಾಗದಲ್ಲಿ ಬೇರೆ ಫಾಂಟ್ ಹಾಕಿ ಇನ್ನೊಮ್ಮೆ ಪಿಡಿಎಫ್ ಮಾಡಿ.

ಎರಡನೇ ಪರೀಕ್ಷೆ ಇನ್ನೂ ಸುಲಭ. ಪಿಡಿಎಫ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಓದಲು ಬರುವ ಹಾಗಿದ್ದರೆ ಕಂಪನಿಯ ಸಾಫ್ಟ್‌ವೇರೂ ಓದಬಲ್ಲದು. ಏನೂ ಸೆಲೆಕ್ಟ್ ಆಗಲೇ ಇಲ್ಲ ಅಂದರೆ ಅದು ಪ್ರಿಂಟ್ ತೆಗೆದು ಫೋನಿನಲ್ಲಿ ಸ್ಕ್ಯಾನ್ ಮಾಡಿದ ಬರೀ ಫೋಟೋ.

ಈ ಪರೀಕ್ಷೆಯಲ್ಲೇ ಕನ್ನಡದ ಒಂದು ಹಳೇ ತೊಂದರೆ ಹೊರಗೆ ಬೀಳುತ್ತದೆ. ನಾನೇ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ. ಒಂದು ಕಚೇರಿಗೆ ಕನ್ನಡದಲ್ಲೇ ಪತ್ರ ಬೇಕು ಅಂದಿದ್ದರು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದೆ. ಯಾವ ಫೋನಲ್ಲಿ ತೆರೆದರೂ ಮುತ್ತಿನಂಥ ಅಕ್ಷರ. ಆದರೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ "ಕನ್ನಡ" ಇದ್ದ ಜಾಗದಲ್ಲಿ `PÀ£ÀßqÀ` ಅಂತ ಬಂತು. ಆ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರದ ಹಾಗೆ ಕೂರಿಸಿರುತ್ತವೆ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಕಸ. ಆ ಫೈಲಿನಲ್ಲಿ ಯಾರಾದರೂ ನನ್ನ ಹೆಸರು ಹುಡುಕಿದ್ದರೆ ಸಿಗುತ್ತಿರಲಿಲ್ಲ. ಕನ್ನಡ ಹಾಕುವುದಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವಿಂಡೋಸ್‌ನ ತುಂಗಾ, ನಿರ್ಮಲಾ, ಇಲ್ಲವೇ ಗೂಗಲ್‌ನ ನೋಟೋ ಸ್ಯಾನ್ಸ್ ಕನ್ನಡ, ಯಾವುದಾದರೂ ಆದೀತು. ಯೂನಿಕೋಡ್ ಬಳಸಿದರೂ ಪಿಡಿಎಫ್‌ನಿಂದ ಕಾಪಿ ಮಾಡುವಾಗ ಒತ್ತಕ್ಷರ ಕೆಲವೊಮ್ಮೆ ಹಿಂದೆಮುಂದೆ ಆಗುತ್ತದೆ. ಅದಕ್ಕೇ ಹೆಸರು ಮತ್ತು ಹುದ್ದೆಯನ್ನು ಇಂಗ್ಲಿಷ್‌ನಲ್ಲೂ ಒಂದು ಸಲ ಬರೆದಿಡಿ.

ಪಿಡಿಎಫ್‌ಗೂ ಒಂದು ಮಿತಿ ಇದೆ. ಅಕ್ಷರಗಳು ಜಾಗ ಬಿಟ್ಟು ಕದಲುವುದಿಲ್ಲ ಅಂದರೆ ಚಿಕ್ಕ ಪರದೆಗೆ ಹೊಂದಿಕೊಳ್ಳುವುದೂ ಇಲ್ಲ. 21 ಸೆಂ.ಮೀ. ಅಗಲದ ಹಾಳೆ ಸುಮಾರು 7 ಸೆಂ.ಮೀ. ಅಗಲದ ಫೋನಿನಲ್ಲಿ ಕಾಣಬೇಕು, ಅಂದರೆ ಎಲ್ಲವೂ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಓದುವವರು ದೊಡ್ಡದು ಮಾಡಿಯೇ ಓದಬೇಕು. ಎಡಕ್ಕೊಂದು ಬಲಕ್ಕೊಂದು ಕಾಲಂ ಇರುವ ಟೆಂಪ್ಲೇಟ್ ಆದರೆ ಪ್ರತಿ ಕಾಲಂಗೂ ಅತ್ತ ಇತ್ತ ಎಳೆದಾಡಬೇಕು. ಒಂದೇ ಕಾಲಂ, 11ಕ್ಕಿಂತ ಕಡಿಮೆ ಇಲ್ಲದ ಸೈಜ್, ಇಷ್ಟಿದ್ದರೆ ಅವರ ಬೆರಳಿಗೆ ಕೆಲಸ ಕಡಿಮೆ. 9ರಲ್ಲಿ ಎಲ್ಲವನ್ನೂ ತುರುಕಿ ಒಂದು ಪುಟಕ್ಕೆ ಹಿಡಿಸಿದೆ ಅಂತ ಖುಷಿಪಡುವವರನ್ನು ಕಂಡಿದ್ದೇನೆ. ಓದಿದವರನ್ನು ಕಂಡಿಲ್ಲ.

ವಾಟ್ಸ್‌ಆಪ್‌ನಲ್ಲಿ ಕಳಿಸುವಾಗ Document ಆರಿಸಿ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದು ಫೋಟೋ ಕಳಿಸಿದರೆ ಅದನ್ನು ಆಪ್ ಕುಗ್ಗಿಸುತ್ತದೆ, ಅಕ್ಷರ ಮಸುಕಾಗುತ್ತದೆ. ಇನ್ನೊಂದು ಚಿಕ್ಕ ವಿಷಯ: ಬ್ರೌಸರ್‌ನಲ್ಲಿ ಪಿಡಿಎಫ್ ತೆರೆದರೆ ಮೇಲಿನ ಟ್ಯಾಬಿನಲ್ಲಿ ಫೈಲ್ ಹೆಸರಿನ ಬದಲು ಒಳಗಿರುವ ಟೈಟಲ್ ಕಾಣಬಹುದು. ಗೆಳೆಯನ ಫೈಲ್ ತೆಗೆದುಕೊಂಡು ತಿದ್ದಿದ್ದರೆ ಅಲ್ಲಿ ಅವನ ಹೆಸರೇ ಇದ್ದೀತು! ವರ್ಡ್‌ನಲ್ಲಿ File > Info ಒಳಗೆ Title ನೋಡಿ ಸರಿಮಾಡಿ.

ಅರ್ಜಿ ಹಾಕುವ ಕೆಲವು ಕಡೆ ರೆಸ್ಯೂಮೆಗೆ ಒಂದು, ಕವರ್ ಲೆಟರ್‌ಗೆ ಒಂದು ಅಂತ ಎರಡು ಬಟನ್ ಇರುತ್ತವೆ. ಅಲ್ಲಿ ಈ ಜೋಡಿ ಫೈಲ್ ಹಾಕಬೇಡಿ. ವರ್ಡ್ ಫೈಲನ್ನು ಬಿಡಿಸುವುದೂ ಬೇಡ. Save As ನ ಅದೇ Options ಒಳಗೆ Pages ಅಂತ ಇದೆ. 1ರಿಂದ 1 ಹಾಕಿದರೆ ಪತ್ರ ಮಾತ್ರ, 2ರಿಂದ 2 ಹಾಕಿದರೆ ರೆಸ್ಯೂಮೆ ಮಾತ್ರ ಪಿಡಿಎಫ್ ಆಗಿ ಬರುತ್ತದೆ.