ಬ್ರೋಕರ್ ಉತ್ತರ ಬಂದ ಮೇಲಿನ 15 ದಿನ

ಹೋದ ಮಳೆಗಾಲ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಮಡಿಕೇರಿಯ ನನ್ನ ಆಫೀಸಿಗೆ ಬಂದರು. ವಾರಗಟ್ಟಲೆ ತೋಟದಲ್ಲಿ ಕರೆಂಟೂ ಸರಿಯಾಗಿಲ್ಲ, ಸಿಗ್ನಲ್ಲೂ ಬಂದು ಹೋಗಿ ಮಾಡುತ್ತಿತ್ತು. ಫೋನ್ ಸರಿಯಾಗಿ ಜೀವ ಹಿಡಿದ ದಿನ ನೋಡಿದರೆ ಅವರ ಷೇರು ಖಾತೆಯಲ್ಲಿ ಅವರು ಹೇಳದೇ ಇದ್ದ 14 ಆಪ್ಷನ್ಸ್ ವಹಿವಾಟು, ₹1,86,000 ನಷ್ಟ! ಬ್ರೋಕರ್ ಬ್ರಾಂಚಿನ ಹುಡುಗನನ್ನು ಕೇಳಿದರೆ "ನೀವೇ ಹೂಂ ಅಂದಿದ್ರಲ್ಲ ಸಾರ್" ಅಂತ.

ಮೊದಲು ಬ್ರೋಕರಿನ ದೂರು ವಿಭಾಗಕ್ಕೆ ಇಮೇಲ್ ಹಾಕಿಸಿದೆ. ಬ್ರಾಂಚಿನಲ್ಲಿ ಬಾಯಿಮಾತಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ, ನಾಳೆ ತೋರಿಸೋಕೆ ಕಾಗದ ಬೇಕಲ್ವಾ. ಅಲ್ಲಿಂದ ಸರಿಯಾದ ಉತ್ತರ ಬರಲಿಲ್ಲ, ಹಾಗಾಗಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ದೂರು ತಾಣ ಸ್ಕೋರ್ಸ್‌ಗೆ (scores.sebi.gov.in) ಹೋದೆವು. ತೊಂದರೆ ಆದ ದಿನದಿಂದ ಒಂದು ವರ್ಷದ ಒಳಗೆ ಇಲ್ಲಿ ದೂರು ಹಾಕಬೇಕು. ದೂರು ನೇರ ಬ್ರೋಕರಿಗೆ ಹೋಗುತ್ತದೆ, ಷೇರು ವಹಿವಾಟು ನಡೆಯುವ ಎಕ್ಸ್‌ಚೇಂಜಿಗೂ ಕಾಣುತ್ತದೆ. ಬ್ರೋಕರ್ 21 ದಿನದಲ್ಲಿ ಎಟಿಆರ್, ಅಂದರೆ ಏನು ಕ್ರಮ ತೆಗೆದುಕೊಂಡೆವು ಅನ್ನುವ ಉತ್ತರ, ಹಾಕಬೇಕು.

ಉತ್ತರ ಬಂತು. "ಗ್ರಾಹಕರಿಗೆ ಫೋನಿನಲ್ಲಿ ತಿಳಿಸಿದ್ದೇವೆ, ವಹಿವಾಟಿನ ವಿವರ ಇರುವ ಕಾಂಟ್ರಾಕ್ಟ್ ನೋಟ್ ಕಳಿಸಿದಾಗ ಅವರು ಆಕ್ಷೇಪಿಸಲಿಲ್ಲ." ಜಾಸ್ತಿ ಜನ ಸೋಲುವುದು ಇಲ್ಲೇ. ಆಯ್ತು, ಮುಗೀತು ಅಂತ ಸುಮ್ನೆ ಕೂರುತ್ತಾರೆ. ಈ ಉತ್ತರ ಬಂದ 15 ದಿನದೊಳಗೆ ಮರುಪರಿಶೀಲನೆ ಕೇಳದಿದ್ದರೆ ದೂರು ಮುಚ್ಚಿಹೋಗುತ್ತದೆ. ಕೇಳಿದರೆ ಅದನ್ನು ನೋಡುವುದು ಎಕ್ಸ್‌ಚೇಂಜ್. ಅದರ ತೀರ್ಮಾನವೂ ಒಪ್ಪಿಗೆ ಆಗದಿದ್ದರೆ ಮತ್ತೆ 15 ದಿನದೊಳಗೆ ಎರಡನೇ ಮರುಪರಿಶೀಲನೆ, ಅದು ಸೆಬಿಯ ಹತ್ತಿರ.

ಮರುಪರಿಶೀಲನೆಯಲ್ಲಿ "ನನಗೆ ಅನ್ಯಾಯ ಆಗಿದೆ" ಅಂತ ಮತ್ತೆ ಬರೆದರೆ ಏನೂ ಆಗುವುದಿಲ್ಲ. ನಾವು ಒಂದೇ ವಿಷಯ ಕೇಳಿದೆವು: ಈ 14 ಆರ್ಡರಿಗೂ ಗ್ರಾಹಕ ಹೇಳಿದ್ದಕ್ಕೆ ಸಾಕ್ಷಿ ಕೊಡಿ. 2018ರ ಸೆಬಿ ಸುತ್ತೋಲೆಯ ಪ್ರಕಾರ ಆರ್ಡರ್ ಕೊಟ್ಟಿದ್ದಕ್ಕೆ ಫೋನ್ ರೆಕಾರ್ಡಿಂಗ್, ಇಮೇಲ್, ಸಹಿ ಹಾಕಿದ ಚೀಟಿ, ಇಂಥದ್ದೇನಾದರೂ ಬ್ರೋಕರ್ ಇಟ್ಟಿರಬೇಕು. ತಕರಾರು ಬಂದರೆ ಅದನ್ನು ತೋರಿಸುವ ಹೊಣೆಯೂ ಬ್ರೋಕರಿನದೇ.

ಅವರು ಮೂರು ರೆಕಾರ್ಡಿಂಗ್ ಕೊಟ್ಟರು. ಕರೆಯ ಸಮಯವನ್ನೂ ಕಾಂಟ್ರಾಕ್ಟ್ ನೋಟಿನಲ್ಲಿದ್ದ ಆರ್ಡರ್ ಸಮಯವನ್ನೂ ಪಕ್ಕಪಕ್ಕ ಬರೆದು ನೋಡಿದೆವು. ಒಂದು ಆರ್ಡರ್ ಬೆಳಿಗ್ಗೆ 10.12ಕ್ಕೆ, ಅದರ ಕರೆ ಸಂಜೆ 4.20ಕ್ಕೆ. ಮೂರೂ ಹೀಗೇ. ಮಾರುಕಟ್ಟೆ ಮುಚ್ಚಿದ ಮೇಲೆ ಕೇಳಿದ ಒಪ್ಪಿಗೆ ಯಾವ ಕೆಲಸಕ್ಕೆ?

ಆದರೂ ಸ್ಕೋರ್ಸ್‌ನಿಂದ ಹಣ ಬರುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಎಷ್ಟು ನಷ್ಟ, ಯಾರು ಎಷ್ಟು ಕೊಡಬೇಕು ಅಂತ ಕೋರ್ಟಿನ ಹಾಗೆ ತೀರ್ಪು ಕೊಡುವ ಜಾಗ ಅದಲ್ಲ. ಅದಕ್ಕೆ ಸ್ಮಾರ್ಟ್ ಓಡಿಆರ್ ಅನ್ನುವ ಆನ್‌ಲೈನ್ ವ್ಯಾಜ್ಯ ಪರಿಹಾರ ತಾಣ ಇದೆ (smartodr.in). ಸ್ಕೋರ್ಸ್ ದೂರು ಇನ್ನೂ ತೆರೆದೇ ಇದ್ದರೆ ಅಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಮೊದಲು ರಾಜಿ ಮಾತುಕತೆ, ಅದಕ್ಕೆ ಹೂಡಿಕೆದಾರರಿಗೆ ಶುಲ್ಕ ಇಲ್ಲ. ಅಲ್ಲಿ ಆಗದಿದ್ದರೆ ಪಂಚಾಯಿತಿದಾರರ ಮುಂದೆ, ಅಂದರೆ ಆರ್ಬಿಟ್ರೇಷನ್, ಅದಕ್ಕೆ ಶುಲ್ಕ ಇದೆ. ಎಲ್ಲ ಆನ್‌ಲೈನ್, ಬೆಂಗಳೂರಿಗೆ ಬಸ್ ಹತ್ತಬೇಕಿಲ್ಲ.

ನಮ್ಮವರದ್ದು ರಾಜಿಯಲ್ಲೇ ₹1,50,000ಕ್ಕೆ ಮುಗಿಯಿತು. ರಾಜಿ ಮಾತುಕತೆಯ ಕಾಲ್ ಮಾತ್ರ ಗೋಣಿಕೊಪ್ಪದ ನೆಂಟರ ಮನೆಯಿಂದ, ತೋಟದಲ್ಲಿ ಅವತ್ತೂ ಸಿಗ್ನಲ್ ಇರಲಿಲ್ಲ.