ಸ್ಯಾಶೆಗೆ ಮೊದಲು ಬೆಲೆ, ಆಮೇಲೆ ಅಳತೆ

ಹಳ್ಳಿ ಮಾರುಕಟ್ಟೆಗೆ ಹೊಸದಾಗಿ ಇಳಿಯುವವರು ಸಲಹೆ ಕೇಳಲು ಬಂದಾಗ ಅಳತೆಯನ್ನು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. "ಹತ್ತು ಮಿಲಿ ಶಾಂಪೂ ಸ್ಯಾಶೆ ಮಾಡ್ತೀವಿ, ಬೆಲೆ ಎಷ್ಟು ಇಡೋಣ ಹೇಳಿ" ಅಂತಾರೆ. ಇಲ್ಲಿ ಲೆಕ್ಕ ಉಲ್ಟಾ ಶುರುವಾಗಿರುತ್ತದೆ. ದಿನಗೂಲಿಯಲ್ಲಿ ಮನೆ ನಡೆಸುವವರು ಅಂಗಡಿಗೆ ಬಂದಾಗ ಕೈಯಲ್ಲಿರುವುದು ನಾಣ್ಯ. ಬೆಲೆ ಆ ನಾಣ್ಯಕ್ಕೆ ಸರಿಯಾಗಿ ಕೂರಬೇಕು. ಒಳಗೆ ಎಷ್ಟು ತುಂಬುತ್ತದೆ ಅನ್ನುವುದು ಆಮೇಲಿನ ಮಾತು.

ಒಂದೂವರೆ ನಾಣ್ಯದ ಬೆಲೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಂಗಡಿಯವರ ಹತ್ತಿರ ವಾಪಸ್ ಕೊಡಲು ಚಿಲ್ಲರೆ ಇರುವುದಿಲ್ಲ. ಅವರು ಎರಡು ನಾಣ್ಯ ತಗೊಂಡು ಸುಮ್ಮನಾಗುತ್ತಾರೆ, ಇಲ್ಲ ಪಕ್ಕದ ಒಂದು ನಾಣ್ಯದ ಸ್ಯಾಶೆ ಕಿತ್ತು ಕೊಡುತ್ತಾರೆ. ಎರಡರಲ್ಲೂ ನಷ್ಟ ನಿಮಗೇ.

ಈಗ ಒಂದು ಲೆಕ್ಕ ಬಿಡಿಸೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ಹಾಕಿಕೊಂಡು ಮಾಡಿ. ಒಂದು ನಾಣ್ಯವನ್ನು 100 ಪಾಲು ಅಂದುಕೊಳ್ಳಿ. ಅಂಗಡಿಯವರ ಲಾಭ 15, ಸಗಟು ವ್ಯಾಪಾರಿಗೆ 6, ತೆರಿಗೆ 15, ಸಾಗಾಟ 5. ಉಳಿದದ್ದು 59. ಕಂಪನಿಯ ಖರ್ಚು, ಜಾಹೀರಾತು, ಲಾಭ ಎಲ್ಲ ಸೇರಿ 15 ತೆಗೆದರೆ 44. ಸ್ಯಾಶೆಯ ಹಾಳೆಗೂ ತುಂಬಿಸುವ ಕೆಲಸಕ್ಕೂ 14. ಶಾಂಪೂಗೆ ಸಿಕ್ಕಿದ್ದು 30 ಪಾಲು. ಒಂದು ಮಿಲಿಗೆ 5 ಪಾಲು ಖರ್ಚಾದರೆ 6 ಮಿಲಿ ತುಂಬಬಹುದು, ಅಷ್ಟೇ. ಹತ್ತು ಮಿಲಿ ಕನಸು ಅಲ್ಲಿಗೆ ಮುಗಿಯಿತು.

ಆ 14 ಪಾಲು ನೋಡಿ ತುಂಬಾ ಜನ ಬೆಚ್ಚುತ್ತಾರೆ. ಸ್ಯಾಶೆಯನ್ನು ಒಮ್ಮೆ ಅಳೆದು ನೋಡಿ. 50 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ನಾಲ್ಕೂ ಕಡೆ 5 ಮಿಲಿಮೀಟರ್ ಅಂಚು ಒತ್ತಿದ್ದಾರೆ ಅಂದರೆ ಒಳಗೆ ಮಾಲು ಕೂರುವ ಜಾಗ 40ಕ್ಕೆ 55 ಮಾತ್ರ. ಹಾಳೆಯಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ಅಂಚಿಗೇ ಹೋಗುತ್ತದೆ. ಪೊಟ್ಟಣ ಚಿಕ್ಕದಾದಷ್ಟೂ ಈ ಅಂಚಿನ ಪಾಲು ಜಾಸ್ತಿ. ಅಂಚು ಸಣ್ಣ ಮಾಡಿ ಉಳಿಸೋಣ ಅಂತ ಹೋದರೆ ಬಿಸಿಲಲ್ಲಿ ನೇತಾಡುವ ಸರದಲ್ಲಿ ಮೂಲೆಗಳು ಜಿನುಗುತ್ತವೆ. ಸರವನ್ನು ಕೈಯಲ್ಲಿ ಒತ್ತಿ ಬೆರಳು ಅಂಟಂಟಾದರೆ ಆ ಸಲದ ಮಾಲು ಕೈಬಿಟ್ಟಂತೆ. ತುಂಬಿಸುವ ಯಂತ್ರವೂ ಪ್ರತಿ ಸ್ಯಾಶೆಗೆ ಒಂದೇ ಅಳತೆ ಹಾಕುವುದಿಲ್ಲ. ಕಡಿಮೆ ಬೀಳಬಾರದು ಅಂತ 0.3 ಮಿಲಿ ಜಾಸ್ತಿ ಇಟ್ಟುಕೊಂಡರೆ 6 ಮಿಲಿಯಲ್ಲಿ ಅದು ನೂರಕ್ಕೆ 5. ದೊಡ್ಡ ಬಾಟಲಿಯಲ್ಲಿ ಇಷ್ಟೇ ಹೆಚ್ಚಾದರೆ ಲೆಕ್ಕಕ್ಕೇ ಬರುವುದಿಲ್ಲ.

ಸರಿ, 6 ಮಿಲಿ ಸಾಕಾ? ಇದಕ್ಕೆ ಉತ್ತರ ಆಫೀಸಲ್ಲಿ ಸಿಗಲ್ಲ. ಬಳಸುವವರ ಮನೆಗೆ ಹೋಗಿ ಕೂತು ನೋಡಬೇಕು. ನಾನು ನೋಡಿದ ಒಂದು ಮನೆಯಲ್ಲಿ ತಾಯಿ ಸ್ಯಾಶೆಯ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದರು. ಅರ್ಧ ಮಗಳ ತಲೆಗೆ ಹಾಕಿದರು. ಬಾಯಿ ಮಡಚಿ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ, ಉಳಿದದ್ದನ್ನು ತಮಗೆ ಇಟ್ಟುಕೊಂಡರು. ಕೊನೆಗೆ ಒಳಗೆ ನೀರು ಬಿಟ್ಟು, ಕುಲುಕಿ, ಅದನ್ನೂ ತಲೆಗೆ ಸುರಿದುಕೊಂಡರು. ನೀವು ಒಬ್ಬರಿಗೆ ಅಂತ ಮಾಡಿದ ಸ್ಯಾಶೆ ಅಲ್ಲಿ ಇಬ್ಬರ ಸ್ನಾನಕ್ಕೆ ಆಗುತ್ತಿದೆ. ಹೀಗೆ ಹತ್ತಾರು ಮನೆ ನೋಡಿ, ಬಳಸುವ ಮುಂಚೆ ಮತ್ತು ಆದಮೇಲೆ ಸ್ಯಾಶೆಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿದರೆ ಒಂದು ಸಲಕ್ಕೆ ನಿಜವಾಗಿ ಎಷ್ಟು ಬೇಕು ಅನ್ನುವುದು ಗೊತ್ತಾಗುತ್ತದೆ. ಅದು ನಿಮ್ಮ ತಳ. ಅದರ ಕೆಳಗೆ ಇಳಿಯಬಾರದು.

ತಳ ಗೊತ್ತಿಲ್ಲದವರು ಕಚ್ಚಾ ಮಾಲಿನ ಬೆಲೆ ಏರಿದಾಗ ಎಡವುತ್ತಾರೆ. ಮಿಲಿಗೆ 5 ಪಾಲು ಇದ್ದದ್ದು 6 ಆಯಿತು ಅಂದುಕೊಳ್ಳಿ. ನಾಣ್ಯ ಬದಲಾಗಲ್ಲ, ಹಾಗಾಗಿ ಅಳತೆ 6ರಿಂದ 5 ಮಿಲಿಗೆ ಇಳಿಯುತ್ತದೆ. ತಳ ನಾಲ್ಕೂವರೆ ಇದ್ದರೆ ಸದ್ಯಕ್ಕೆ ತೊಂದರೆ ಇಲ್ಲ. ತಳ ಐದೂವರೆ ಇದ್ದರೆ ತೊಂದರೆ ಒಂದು ವಿಚಿತ್ರ ರೀತಿಯಲ್ಲಿ ಬರುತ್ತದೆ: ಮೊದಲ ಕೆಲವು ವಾರ ಮಾರಾಟ ಏರುತ್ತದೆ, ಯಾಕೆಂದರೆ ಒಂದು ಸಾಕಾಗದವರು ಎರಡು ತಗೊಳ್ಳುತ್ತಾರೆ, ಕಂಪನಿಯಲ್ಲಿ ಎಲ್ಲರೂ ಖುಷಿಪಡುತ್ತಾರೆ, ಆಮೇಲೆ ಅದೇ ಜನ ಬೇರೆ ಸ್ಯಾಶೆಗೆ ಹೋಗಿಬಿಡುತ್ತಾರೆ. ಅದಕ್ಕೇ ಎಷ್ಟು ಸ್ಯಾಶೆ ಹೋಯಿತು ಅಂತ ಮಾತ್ರ ಕೇಳಬೇಡಿ. ಎಷ್ಟು ಜನ ಬಂದರು, ಒಬ್ಬೊಬ್ಬರು ಎಷ್ಟೆಷ್ಟು ಕೊಂಡರು ಅಂತ ಅಂಗಡಿಯಲ್ಲಿ ನಿಂತು ಎಣಿಸಿ. ತಳ ಮುಟ್ಟಿತು ಅಂದರೆ ಮುಂದಿನ ನಾಣ್ಯಕ್ಕೆ ಹೋಗಿ, ಅಳತೆಯನ್ನೂ ಕಣ್ಣಿಗೆ ಕಾಣುವಷ್ಟು ಹೆಚ್ಚಿಸಿ. ಒಂದು ನಾಣ್ಯದಲ್ಲೇ ಉಳಿಯಬೇಕು ಅಂತ ಶಾಂಪೂವನ್ನೇ ತೆಳ್ಳಗೆ ಮಾಡುವುದನ್ನು ನಾನಂತೂ ಒಪ್ಪಲ್ಲ. ಕೂದಲು ತೊಳೆದವರಿಗೆ ಅದು ಗೊತ್ತಾಗದೆ ಇರಲ್ಲ.

ಸ್ಯಾಶೆ ಮಾರುಕಟ್ಟೆಯಲ್ಲಿ ನೆಲೆ ನಿಂತ ಮೇಲೆ ಎಲ್ಲರಿಗೂ ಬರುವ ಆಸೆ ಐದು ನಾಣ್ಯದ ಪ್ಯಾಕ್. ಮೊದಲು ಯೋಚಿಸುವುದು ಪುಟ್ಟ ಬಾಟಲಿ. ಅದೇ ಲೆಕ್ಕ ಹಾಕಿ. 500 ಪಾಲಿನಲ್ಲಿ ಅಂಗಡಿ, ಸಗಟು, ತೆರಿಗೆ, ಸಾಗಾಟಕ್ಕೆ ಅಂತ ನೂರಕ್ಕೆ 41ರ ದರದಲ್ಲಿ ಕಳೆದರೆ 295. ಕಂಪನಿಯ 75 ತೆಗೆದರೆ 220. ಬಾಟಲಿ, ಮುಚ್ಚಳ, ಚೀಟಿಗೆ 90 ಹೋದರೆ 130. ಅಂದರೆ 26 ಮಿಲಿ. ಅದೇ ಐದು ನಾಣ್ಯಕ್ಕೆ ಐದು ಸ್ಯಾಶೆ ತಗೊಂಡರೆ 30 ಮಿಲಿ ಸಿಗುತ್ತದೆ! ಹಳ್ಳಿಯವರಿಗೆ ಈ ಲೆಕ್ಕ ಬರಲ್ಲ ಅಂತ ಯಾರಾದರೂ ಅಂದುಕೊಂಡರೆ ಅದು ದೊಡ್ಡ ತಪ್ಪು. ಬಾಟಲಿಗಳು ಕಪಾಟಿನಲ್ಲಿ ಧೂಳು ಹಿಡಿಯುತ್ತವೆ.

ಬಾಟಲಿ ಬಿಟ್ಟು ದೊಡ್ಡ ಪೊಟ್ಟಣ ಮಾಡಿ, ಅದಕ್ಕೆ 35 ಪಾಲು ಖರ್ಚಾದರೆ ಶಾಂಪೂಗೆ 185 ಉಳಿಯುತ್ತದೆ, 37 ಮಿಲಿ. ಐದು ಸ್ಯಾಶೆಗಿಂತ ಏಳು ಮಿಲಿ ಜಾಸ್ತಿ, ಒಂದು ಸ್ನಾನ ಪುಕ್ಕಟೆ ಸಿಕ್ಕ ಹಾಗೆ. ಈಗ ದೊಡ್ಡದನ್ನು ಕೊಳ್ಳಲು ಒಂದು ಕಾರಣ ಇದೆ. ಆದರೂ ಒಡೆದ ಪೊಟ್ಟಣ ಚೆಲ್ಲುತ್ತದೆ, ಮಕ್ಕಳು ಜಾಸ್ತಿ ಸುರಿದುಕೊಳ್ಳುತ್ತಾರೆ. ಸ್ಯಾಶೆ ಮನೆಯವರಿಗೆ ಅಳತೆಯ ಕಡಿವಾಣವೂ ಹೌದು, ಅಲ್ವಾ? ಐದು ನಾಣ್ಯ ಕೈಯಲ್ಲಿದ್ದರೂ ಒಂದೊಂದೇ ಕೊಳ್ಳುವವರು ಇದೇ ಕಾರಣ ಹೇಳುತ್ತಾರೆ. ತಿರುಗಿಸುವ ಮುಚ್ಚಳ ಇಟ್ಟರೆ ಚೆಲ್ಲುವುದು ತಪ್ಪುತ್ತದೆ, ಆದರೆ ಮುಚ್ಚಳದ ಖರ್ಚು ಆ ಏಳು ಮಿಲಿಯಿಂದಲೇ ಬರಬೇಕು.

ಹಾಗಾಗಿ ಹೊಸ ಅಳತೆಯನ್ನು ಎಲ್ಲ ಕಡೆ ಒಟ್ಟಿಗೆ ಬಿಡಬೇಡಿ. ಒಂದೇ ತರಹದ ನಲವತ್ತು ಅಂಗಡಿ ಆರಿಸಿ. ಇಪ್ಪತ್ತಕ್ಕೆ ದೊಡ್ಡ ಪೊಟ್ಟಣವನ್ನೂ ಕೊಡಿ, ಉಳಿದ ಇಪ್ಪತ್ತಕ್ಕೆ ಸ್ಯಾಶೆ ಮಾತ್ರ. ಎಂಟು ವಾರ ನೋಡಿ. ಮೊದಲ ಎರಡು ವಾರದ ಅಂಕಿ ಲೆಕ್ಕಕ್ಕೆ ಇಡಬೇಡಿ, ಅದು ಅಂಗಡಿಯವರು ತುಂಬಿಸಿಕೊಂಡ ಮಾಲು. ಆಮೇಲಿನ ಆರು ವಾರ ವಾರಕ್ಕೊಮ್ಮೆ ಹೋಗಿ ಉಳಿದ ಮಾಲನ್ನು ಎಣಿಸಿ, ಮಾರಿದ್ದನ್ನು ಪ್ಯಾಕ್ ಲೆಕ್ಕದಲ್ಲಿ ಅಲ್ಲ, ಮಿಲಿ ಲೆಕ್ಕದಲ್ಲಿ ಬರೆದುಕೊಳ್ಳಿ. ಎರಡೂ ಗುಂಪಿನಲ್ಲಿ ಒಟ್ಟು ಮಿಲಿ ಒಂದೇ ಇದ್ದರೆ ನಿಮ್ಮ ಹೊಸ ಪ್ಯಾಕ್ ನಿಮ್ಮದೇ ಸ್ಯಾಶೆಯ ಗಿರಾಕಿಯನ್ನು ತಿಂದಿದೆ, ಏಳು ಮಿಲಿ ಸುಮ್ನೆ ಕೈಬಿಟ್ಟಿದ್ದೀರಿ. ದೊಡ್ಡ ಪೊಟ್ಟಣ ಇರುವ ಅಂಗಡಿಗಳಲ್ಲಿ ಮಿಲಿ ಹೆಚ್ಚಾಗಿದ್ದು, ಸ್ಯಾಶೆ ಕೊಳ್ಳುವವರ ಸಂಖ್ಯೆ ಅಷ್ಟೇನೂ ಇಳಿದಿಲ್ಲ ಅಂದರೆ ಮಾತ್ರ ಮುಂದಿನ ಅಂಗಡಿಗಳಿಗೆ ಕಳಿಸಿ.